ಫೋಟೋ ಮೇಲಿನ ಬರಹ ಅರಬ್ಬಿಗೆ ಹೋಗುವ ಮುನ್ನ: ನಾಲ್ಕು ದಾರಿಗಳನ್ನು ಒಂದೇ ಚಿತ್ರದ ಮೇಲೆ ನೋಡಿದಾಗ

ಹೋಲಿಕೆಗೆ ನಾನು ಇಟ್ಟುಕೊಂಡದ್ದು ಪಂಪ್ ರೂಮಿನ ಒಂದು ಫೋಟೋ. ಕೆಳಭಾಗದಲ್ಲಿ ಕಪ್ಪು ಅಂಚಿನ ಬಿಳಿ ಅಕ್ಷರಗಳಲ್ಲಿ ಎರಡು ಸಾಲು ಕೂರಿಸಿದ್ದಾರೆ. ಮೊದಲ ಸಾಲು: "ಕೆಂಪು ಲೇಬಲ್ ಇರುವ ವಾಲ್ವ್ ಮುಚ್ಚಿದ". ಎರಡನೆಯದು: "ಮೇಲೆಯೇ ಪಂಪ್ ನಿಲ್ಲಿಸಿ. ಹಸಿರು ಬಟನ್ ಒತ್ತಬೇಡಿ." ಹಿಂದಿನ ಗೋಡೆಯ ಮೇಲೆ `NO SMOKING` ಬೋರ್ಡ್ ಇದೆ. ವಾಲ್ವ್‌ಗೆ ಕಟ್ಟಿದ ಕೆಂಪು ಲೇಬಲ್ ಮೇಲೆ `4-B` ಎಂದಿದೆ. ಇಷ್ಟು ಸಾಲದು ಅಂತ ಇಡೀ ಚಿತ್ರದ ಮೇಲೆ ಓರೆಯಾಗಿ, ಮತ್ತೆ ಮತ್ತೆ, `SAMPLE` ಎಂಬ ತೆಳು ಬಿಳಿ ವಾಟರ್‌ಮಾರ್ಕ್.

ಅರಬ್ಬಿ ಓದುವ ಕೆಲಸಗಾರನಿಗೆ ತಲುಪಬೇಕಾದದ್ದು ಆ ಎರಡು ಸಾಲು ಮಾತ್ರ. ಹಿನ್ನೆಲೆಯಿಂದ ಬೇಕಾಗುವುದು ಒಂದೇ ಒಂದು ಚೂರು. ಅದ್ಯಾವುದು ಅಂತ ಮುಂದೆ ಹೇಳುತ್ತೇನೆ.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದೇ. ಫೋನಿನ ಕ್ಯಾಮೆರಾ ಅನುವಾದ ತೆರೆದು ಚಿತ್ರದ ಮೇಲೆ ಹಿಡಿಯುವುದು. ವೇಗಕ್ಕೆ ಇದನ್ನು ಮೀರಿಸಿದ್ದಿಲ್ಲ. ಆದರೆ ಇದಕ್ಕೆ ಯಾವ ಅಕ್ಷರ ಯಾರದ್ದು ಅನ್ನುವ ಭೇದವಿಲ್ಲ. ಗೋಡೆಯ ಬೋರ್ಡ್ ದೊಡ್ಡದಾಗಿ, ಸ್ಪಷ್ಟವಾಗಿ ಇದ್ದದ್ದರಿಂದ "ಸಿಗರೇಟ್ ಸೇದಬೇಡಿ" ಅನ್ನುವುದೇ ಅರಬ್ಬಿಯಲ್ಲಿ ಎದ್ದು ಕಂಡಿತು. ಮುಖ್ಯ ಸೂಚನೆ ಅದರ ಕೆಳಗೆ ಸಣ್ಣದಾಗಿ ಮುದುಡಿಕೊಂಡಿತ್ತು.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಸಾಲು ಒಡೆದ ಜಾಗದಲ್ಲಿ. ಒಂದೊಂದು ಸಾಲನ್ನೂ ಬೇರೆ ವಾಕ್ಯ ಅಂತ ಅದು ತೆಗೆದುಕೊಂಡಿತು. "ಮುಚ್ಚಿದ ಮೇಲೆಯೇ" ಅನ್ನುವುದು ಸಮಯದ ಮಾತು. "ಮುಚ್ಚಿದ" ಹಿಂದಿನ ಸಾಲಿನಲ್ಲಿ ಉಳಿದುಬಿಟ್ಟರೆ "ಮೇಲೆಯೇ" ಅನ್ನುವುದು ಜಾಗದ ಮಾತಾಗುತ್ತದೆ. ಅರಬ್ಬಿಯಲ್ಲಿ "ಬಅದ್" ಬರಬೇಕಾದ ಕಡೆ "ಫೌಕ್" ಬಂತು. ಅಂದರೆ "ಆಮೇಲೆ" ಹೋಗಿ "ಮೇಲ್ಗಡೆ" ಆಯಿತು. ಮೊದಲು ವಾಲ್ವ್, ನಂತರ ಪಂಪ್ ಅನ್ನುವ ಕ್ರಮವೇ ಮಾಯ. ಈ ಸೂಚನೆಯಲ್ಲಿ ಕ್ರಮ ಬಿಟ್ಟರೆ ಇನ್ನೇನಿದೆ? ಕನ್ನಡದಲ್ಲಿ ಷರತ್ತು ಮೊದಲು, ಕ್ರಿಯಾಪದ ಕೊನೆಗೆ. ಅರಬ್ಬಿಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಮುಂದೆ ಬಂದು, "ಮುಚ್ಚಿದ ನಂತರವಲ್ಲದೆ" ಅನ್ನುವ ಭಾಗ ಹಿಂದೆ ಹೋಗುತ್ತದೆ. ಹಾಗಾಗಿ ವಾಕ್ಯ ಪೂರ್ತಿ ಕೈಗೆ ಸಿಗುವ ತನಕ ಅನುವಾದ ಶುರು ಮಾಡುವುದೇ ವ್ಯರ್ಥ.

ಎರಡನೆಯ ದಾರಿ, ಇಡೀ ಚಿತ್ರದ ಅಕ್ಷರಗಳನ್ನೆಲ್ಲ ಒಮ್ಮೆ ಎತ್ತಿ, ಆಮೇಲೆ ಜಾಲಿಸುವುದು. ಟೆಸೆರಾಕ್ಟ್ ಅನ್ನುವ ಉಚಿತ ತಂತ್ರಾಂಶಕ್ಕೆ ಕನ್ನಡ ಗೊತ್ತು.

```
tesseract photo.png all -l kan+eng --psm 11 tsv
```

ಇದು ಒಂದೊಂದು ಪದಕ್ಕೂ ಜಾಗ, ಅಗಲ, ಎತ್ತರ ಮತ್ತು `conf` ಅನ್ನುವ ನಂಬಿಕೆಯ ಅಂಕ ಕೊಡುತ್ತದೆ. ಅಂಕ ಕಡಿಮೆ ಇರುವುದನ್ನೆಲ್ಲ ಎಸೆದರೆ ವಾಟರ್‌ಮಾರ್ಕ್ ಹೋಗುತ್ತದೆ ಅನ್ನುವುದು ಸುಲಭದ ಯೋಚನೆ. ಓರೆ ಅಕ್ಷರವನ್ನು ಅದು ಸರಿಯಾಗಿ ಓದಲಾರದೆ ಕಸ ಉಗುಳುತ್ತದೆ, ಕಸದ ಅಂಕ ಕಡಿಮೆ ಇರುತ್ತದೆ, ನಿಜ. ಆದರೆ ವಾಟರ್‌ಮಾರ್ಕಿನ ಗೆರೆ ಹಾದುಹೋದ ಒಳ್ಳೆಯ ಪದದ ಅಂಕವೂ ಅಷ್ಟೇ ಕಡಿಮೆ. ಅತ್ತ `NO SMOKING` ಒಳ್ಳೆಯ ಅಂಕ ತೆಗೆದುಕೊಂಡು ಒಳಗೇ ಕೂತಿತು. ಓದಲು ಎಷ್ಟು ಸುಲಭ ಅನ್ನುವುದೇ ಬೇರೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದೇ ಬೇರೆ. ಅಂಕಕ್ಕಿಂತ ಪದದ ಜಾಗ ನೋಡಿ ಜಾಲಿಸುವುದು ಎಷ್ಟೋ ವಾಸಿ. ಹೇಗೂ ಜಾಗವನ್ನೇ ನೋಡುವುದಾದರೆ ಮೊದಲೇ ಕತ್ತರಿಸಬಹುದಲ್ವಾ?

ಅದೇ ಮೂರನೆಯ ದಾರಿ. ನನ್ನ ಮತವೂ ಇದಕ್ಕೇ. ಕಣ್ಣಲ್ಲಿ ನೋಡಿ ಆ ಎರಡು ಸಾಲಿನ ಶೀರ್ಷಿಕೆ ಇರುವ ಪಟ್ಟಿಯನ್ನಷ್ಟೇ ಕತ್ತರಿಸಿ, ಅಚ್ಚ ಬಿಳಿಯನ್ನು ಮಾತ್ರ ಉಳಿಸಿಕೊಂಡು, ಆಮೇಲೆ ಓದಿಸುವುದು. ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶ ಇದ್ದರೆ ಹೀಗೆ:

```
magick photo.png -crop 1200x180+0+700 +repage \
  -colorspace Gray -resize 300% -threshold 88% \
  -negate strip.png
tesseract strip.png out -l kan --psm 6
```

ಕತ್ತರಿಸುವ ಅಳತೆ ನಿಮ್ಮ ಚಿತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಇದು ಕೆಲಸ ಮಾಡುವ ಕಾರಣ ಸರಳ. ಮೇಲೆ ಕೂರಿಸಿದ ಅಕ್ಷರ ಪೂರ್ತಿ ಬಿಳಿ. ಅರೆಪಾರದರ್ಶಕ ವಾಟರ್‌ಮಾರ್ಕ್ ಹಿಂದಿನ ಬಣ್ಣದ ಜೊತೆ ಬೆರೆತು ಬೂದು ಬಣ್ಣವಾಗಿರುತ್ತದೆ, ಹಿನ್ನೆಲೆ ತೀರಾ ಬೆಳ್ಳಗಿಲ್ಲದಿದ್ದರೆ 88 ಪ್ರತಿಶತದ ಗೆರೆ ದಾಟುವುದಿಲ್ಲ. ಬಿಳಿ ವಾಟರ್‌ಮಾರ್ಕ್ ಅಕ್ಷರದ ಮೇಲೆಯೇ ಹಾದುಹೋದರೂ ತೊಂದರೆ ಇಲ್ಲ, ಬಿಳಿಯ ಮೇಲೆ ಬಿಳಿ ಬಿದ್ದರೆ ಬಿಳಿಯೇ ಉಳಿಯುತ್ತದೆ. ಕಪ್ಪು ವಾಟರ್‌ಮಾರ್ಕ್ ಆಗಿದ್ದರೆ ಕಥೆ ಬೇರೆ. ಅದು ಅಕ್ಷರದ ಹೊಟ್ಟೆಯನ್ನೇ ಕಚ್ಚಿ ಎರಡು ತುಂಡು ಮಾಡುತ್ತದೆ.

ಕನ್ನಡಕ್ಕೇ ಅಂತ ಇಲ್ಲಿ ಒಂದು ತೊಡಕಿದೆ. ಒತ್ತಕ್ಷರಗಳು ಸಣ್ಣವು, ಗೆರೆ ತೆಳು, ಸುತ್ತ ಕಪ್ಪು ಅಂಚು ಬೇರೆ. ಚಿತ್ರವನ್ನು ಹಿಗ್ಗಿಸದೆ ಬಿಳಿ ಸೋಸಿದರೆ ಮೊದಲು ಅಳಿಯುವುದು ಅವೇ. "ಮುಚ್ಚಿದ" ಹೋಗಿ "ಮುಚಿದ", "ಒತ್ತಬೇಡಿ" ಹೋಗಿ "ಒತಬೇಡಿ". ಹಾಗಾಗಿ ಮೂರು ಪಟ್ಟು ಹಿಗ್ಗಿಸಿ ಆಮೇಲೆ ಸೋಸಬೇಕು. ಮೇಲಿನ ಆಜ್ಞೆಯಲ್ಲಿ `-resize` ಮುಂಚೆ ಇರುವುದು ಅದಕ್ಕೇ. ಪಟ್ಟಿ ಕತ್ತರಿಸುವಾಗಲೂ ಕೆಳಗೆ ಒಂಚೂರು ಜಾಸ್ತಿ ಬಿಡಿ, ಇಲ್ಲದಿದ್ದರೆ ಕೊನೆಯ ಸಾಲಿನ ಒತ್ತು ಕತ್ತರಿಗೆ ಹೋಗುತ್ತದೆ. ಕಂಡುಹಿಡಿಯುವುದು ಸುಲಭ: `strip.png` ತೆರೆದು ಒತ್ತಕ್ಷರಗಳನ್ನು ಮಾತ್ರ ನೋಡುತ್ತಾ ಹೋಗಿ. ಅವು ಉಳಿದಿದ್ದರೆ ಉಳಿದದ್ದೆಲ್ಲ ಸಾಮಾನ್ಯವಾಗಿ ಉಳಿದಿರುತ್ತದೆ. ಹತ್ತಾರು ಸಲ ಫಾರ್ವರ್ಡ್ ಆಗಿ ಮಸುಕಾದ ಚಿತ್ರಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಂಚು ಕಲೆಸಿಹೋಗಿ ಒತ್ತೂ ಕಸವೂ ಒಂದೇ ಆಗಿರುತ್ತವೆ.

ನಾಲ್ಕನೆಯದು, ಸುಮ್ನೆ ಕಣ್ಣಲ್ಲಿ ಓದಿ ಟೈಪ್ ಮಾಡುವುದು. ನಗಬೇಡಿ. ಒಂದೇ ಫೋಟೋ, ಎರಡೇ ಸಾಲು ಅಂದರೆ ಮೇಲಿನ ಮೂರಕ್ಕಿಂತ ಇದೇ ಬೇಗ, ಇದೇ ನಿಖರ. ಒಂದೇ ಅಚ್ಚಿನ ಚಿತ್ರಗಳು ರಾಶಿ ಬಂದಾಗ, ಶೀರ್ಷಿಕೆ ಎಲ್ಲದರಲ್ಲೂ ಅದೇ ಜಾಗದಲ್ಲಿದ್ದಾಗ ಮೂರನೆಯ ದಾರಿ ಗೆಲ್ಲುತ್ತದೆ.

ಯಾವ ದಾರಿ ಹಿಡಿದರೂ ಸಾಲುಗಳನ್ನು ಸೇರಿಸಿ ಪೂರ್ತಿ ವಾಕ್ಯ ಮಾಡಿ. ಆಮೇಲೆ ಶೀರ್ಷಿಕೆ ಹಿನ್ನೆಲೆಯತ್ತ ಬೆರಳು ತೋರಿಸುತ್ತಿದೆಯಾ ಅಂತ ನೋಡಿ. ಇಲ್ಲಿ ತೋರಿಸುತ್ತಿದೆ: "ಕೆಂಪು ಲೇಬಲ್". ಚಿತ್ರ ಕಪ್ಪು ಬಿಳುಪಿನಲ್ಲಿ ಅಚ್ಚಾದರೆ ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಲೇಬಲ್ ಮೇಲಿನ `4-B` ಅನುವಾದದೊಳಗೆ ಬರಬೇಕು, ಅದೂ ಇದ್ದ ಹಾಗೇ. ಕೆಲಸಗಾರ ವಾಲ್ವ್ ಮೇಲೆ ಹುಡುಕುವುದು ಅದೇ ಅಕ್ಷರವನ್ನು. `NO SMOKING` ಕಡೆಗೆ ಯಾವ ಪದವೂ ಕೈ ತೋರಿಸಿಲ್ಲ, ಅದು ಹೊರಗೇ ಇರಲಿ. ವಾಟರ್‌ಮಾರ್ಕನ್ನು ಅನುವಾದಿಸಬೇಡಿ, ಚಿತ್ರದಿಂದ ಅಳಿಸಲೂ ಬೇಡಿ. ಓದಲು ಅಂತ ಸೋಸಿದ ಪಟ್ಟಿ ನಿಮ್ಮ ಬಳಿಯೇ ಇರಲಿ.

`4-B` ಅರಬ್ಬಿ ವಾಕ್ಯದೊಳಗೆ ಹೋದ ಮೇಲೆ ಪರದೆಯನ್ನು ಇನ್ನೊಮ್ಮೆ ನೋಡಿ. ಅದು `B-4` ಅಂತ ಕಾಣಿಸುತ್ತದೆ. ಫೈಲಿನಲ್ಲಿ ಅಕ್ಷರಗಳ ಕ್ರಮ ಸರಿಯೇ ಇದೆ. ಅರಬ್ಬಿ ಅಕ್ಷರದ ಹಿಂದೆ ಬಂದ ಅಂಕಿಯನ್ನು ಯೂನಿಕೋಡ್ ನಿಯಮ ಅರಬ್ಬಿಯ ಜೊತೆ ಸೇರಿಸಿಕೊಳ್ಳುವುದರಿಂದ ಹೈಫನ್ ಬಲದಿಂದ ಎಡಕ್ಕೆ ತಿರುಗುತ್ತದೆ. `B-4` ಎಂದೇ ಬರೆದ ಲೇಬಲ್‌ಗೆ ಈ ಕಾಟವಿಲ್ಲ, ಅಕ್ಷರ ಮೊದಲು ಬಂದರೆ ಅಂಕಿ ಅದರ ಹಿಂದೆ ಸುಮ್ಮನೆ ನಡೆಯುತ್ತದೆ. ಅಂಕಿ ಮೊದಲಿದ್ದಾಗ ಅದಕ್ಕಿಂತ ಮೊದಲು, ಎಡದಿಂದ ಬಲಕ್ಕೆ ಅಂತ ಸೂಚಿಸುವ, ಕಣ್ಣಿಗೆ ಕಾಣದ `U+200E` ಗುರುತು ಹಾಕಿದರೆ ಲೇಬಲ್ ಇದ್ದ ಹಾಗೇ ನಿಲ್ಲುತ್ತದೆ. ಪೋಸ್ಟರ್ ಮಾಡುವ ಕೆಲವು ಆ್ಯಪ್‌ಗಳು ಪೇಸ್ಟ್ ಮಾಡುವಾಗ ಈ ಗುರುತನ್ನು ನುಂಗಿಬಿಡುತ್ತವೆ, ಅದಕ್ಕೇ ಕೊನೆಯ ಚಿತ್ರ ಕೈಗೆ ಬಂದ ಮೇಲೂ ಲೇಬಲನ್ನು ಫೋಟೋದ ಜೊತೆ ಹಿಡಿದು ನೋಡಬೇಕು.