ಒಂದು ಹೆಜ್ಜೆಯೋ, ಎರಡು ಹೆಜ್ಜೆಯೋ? ಈ ತಪ್ಪಿನಿಂದ ನಾವು ಕತ್ತಲಲ್ಲಿ ಸಿಕ್ಕಿಕೊಂಡೆವು

ಫೋನಿನ ನಡಿಗೆ ಆ್ಯಪ್ ತೋರಿಸುವ ಕಿಲೋಮೀಟರ್ ನಂಬಿಕೊಂಡು ದೂರದ ದಾರಿಗೆ ಹೊರಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿದ ತಪ್ಪು ತುಂಬಾ ಸಣ್ಣದು. ಆದರೆ ಅದರಿಂದ ನನ್ನ ಅತ್ತಿಗೆ ಊದಿದ ಮೊಣಕಾಲು ಇಟ್ಟುಕೊಂಡು, ರಾತ್ರಿ ಫೋನ್ ಟಾರ್ಚ್ ಬೆಳಕಲ್ಲಿ ಮೂರು ಕಿಲೋಮೀಟರ್ ನಡೆಯಬೇಕಾಯಿತು.

ಆ್ಯಪ್ ಹಾಕಿಕೊಂಡ ದಿನ ಅದು ಸ್ಟ್ರೈಡ್ ಲೆಂಗ್ತ್ ಎಷ್ಟು ಅಂತ ಕೇಳಿತು. ಸುಮ್ನೆ ಅಂದಾಜಿನಲ್ಲಿ ಹಾಕೋದು ಬೇಡ, ಅಳೆದೇ ಹಾಕೋಣ ಅಂದುಕೊಂಡೆ. ಪಾದ ಒದ್ದೆ ಮಾಡಿಕೊಂಡು ಒಣ ನೆಲದ ಮೇಲೆ ನಡೆದೆ. ಬಲಗಾಲಿನ ಹಿಮ್ಮಡಿ ಗುರುತಿನಿಂದ ಮತ್ತೆ ಬಲಗಾಲಿನ ಹಿಮ್ಮಡಿ ಗುರುತಿನವರೆಗೆ ಟೇಪ್ ಹಿಡಿದೆ. 128 ಸೆಂ.ಮೀ. ಬಂತು. ಅದನ್ನೇ ಹಾಕಿದೆ.

ಪದದ ಅರ್ಥ ನೋಡಿದರೆ ನಾನು ಅಳೆದಿದ್ದು ಸರಿಯೇ. ನಡಿಗೆಯನ್ನು ಅಧ್ಯಯನ ಮಾಡುವವರು ಸ್ಟ್ರೈಡ್ ಅನ್ನೋದು ಇದನ್ನೇ: ಒಂದು ಕಾಲು ನೆಲ ಮುಟ್ಟಿದ ಜಾಗದಿಂದ ಅದೇ ಕಾಲು ಮತ್ತೆ ನೆಲ ಮುಟ್ಟುವ ಜಾಗದವರೆಗೆ. ಅಂದರೆ ಎರಡು ಹೆಜ್ಜೆ. ಎಡಗಾಲಿಂದ ಬಲಗಾಲಿಗೆ ಇರುವ ದೂರ ಒಂದು ಹೆಜ್ಜೆ, ಅದು ಸ್ಟೆಪ್. ನಮ್ಮ ಮಾತಲ್ಲಿ ಎರಡಕ್ಕೂ ಹೆಜ್ಜೆ ಅಂತಲೇ ಅನ್ನುತ್ತೇವೆ, ಅಲ್ವಾ? ತೊಂದರೆ ಏನೆಂದರೆ, ಎಷ್ಟೋ ಆ್ಯಪ್‌ಗಳು ಸ್ಟ್ರೈಡ್ ಅಂತ ಬರೆದು ಒಂದು ಹೆಜ್ಜೆಯ ಅಳತೆಯನ್ನೇ ಕೇಳುತ್ತವೆ. ನನ್ನದೂ ಹಾಗೇ ಇತ್ತು. ಎರಡು ಹೆಜ್ಜೆಯ ದೂರವನ್ನು ಅದು ಒಂದೊಂದು ಹೆಜ್ಜೆಗೂ ಗುಣಿಸುತ್ತಾ ಹೋಯಿತು.

ದಿನಕ್ಕೆ ನನ್ನದು 11,000 ಹೆಜ್ಜೆ ಆಗುತ್ತಿತ್ತು. ಅದನ್ನು 1.28 ಮೀಟರಿನಿಂದ ಗುಣಿಸಿ ಆ್ಯಪ್ 14 ಕಿ.ಮೀ. ಅಂತ ತೋರಿಸುತ್ತಿತ್ತು. ಎರಡು ತಿಂಗಳು ಅದನ್ನೇ ನೋಡಿ ಖುಷಿಪಟ್ಟೆ. ಅಣ್ಣ ಫೋನ್ ಮಾಡಿ, "12 ಕಿಲೋಮೀಟರ್ ಕಾಲುದಾರಿ ಇದೆ, ನಿನ್ನತ್ತಿಗೆಯನ್ನೂ ಕರಕೊಂಡು ಹೋಗೋಣ, ಎಷ್ಟು ಹೊತ್ತು ಬೇಕಾಗತ್ತೆ?" ಅಂತ ಕೇಳಿದಾಗ ನಾನು ಲೆಕ್ಕ ಹಾಕಿದೆ. ವೇಗದ ನಡಿಗೆಯಲ್ಲಿ ನಿಮಿಷಕ್ಕೆ 108 ಹೆಜ್ಜೆ ಹಾಕುತ್ತೇನೆ. 108 ಗುಣಿಸು 1.28 ಅಂದರೆ ನಿಮಿಷಕ್ಕೆ 138 ಮೀಟರ್, ಗಂಟೆಗೆ 8.3 ಕಿ.ಮೀ. "ಒಂದೂವರೆ ಗಂಟೆ ಸಾಕಣ್ಣ" ಅಂದೆ. ನಾಲ್ಕೂವರೆಗೆ ಹೊರಟು ಆರಕ್ಕೆ ಮುಗಿಸೋದು ಅಂತ ಮಾತಾಯಿತು. ಮೂವರಿಗೆ ಒಂದೇ ಬಾಟಲಿ ನೀರು.

ಗಂಟೆಗೆ 8.3 ಅನ್ನೋ ಸಂಖ್ಯೆ ಕಂಡಾಗಲೇ ನಾನು ನಿಲ್ಲಬೇಕಿತ್ತು. ಅದು ನಡಿಗೆಯ ವೇಗವೇ ಅಲ್ಲ. ಗಂಟೆಗೆ ಸುಮಾರು 7 ಕಿ.ಮೀ. ದಾಟುತ್ತಿದ್ದಂತೆ ನಮ್ಮ ಕಾಲು ತಾನಾಗಿಯೇ ಓಡೋಕೆ ಶುರು ಮಾಡುತ್ತದೆ. ಯಾಕಂದರೆ ಆ ವೇಗದಲ್ಲಿ ನಡೆಯೋದಕ್ಕಿಂತ ಓಡೋದೇ ಹಗುರ. ನಡೆಯುತ್ತಾ ಆರಾಮಾಗಿ ಮಾತಾಡುವ ಒಬ್ಬರ ಲೆಕ್ಕ 8ಕ್ಕೆ ಬಂದರೆ, ಎಲ್ಲೋ ದೂರವನ್ನು ಎರಡು ಪಟ್ಟು ಮಾಡಿದ್ದಾರೆ ಅಂತಲೇ ಅರ್ಥ.

ಇನ್ನೊಂದು ಸೂಚನೆ ದಾರಿಯಲ್ಲೇ ಸಿಕ್ಕಿತ್ತು. ಆ ದಾರಿಯಲ್ಲಿ ಕಿಲೋಮೀಟರಿಗೊಂದು ಕಲ್ಲಿದೆ. ನನ್ನ ಲೆಕ್ಕದಲ್ಲಿ ಮೊದಲ ಕಲ್ಲು ಏಳೂಕಾಲು ನಿಮಿಷಕ್ಕೆ ಬರಬೇಕು. ಬಂದಿದ್ದು ಹದಿನೇಳಕ್ಕೆ. ಕಲ್ಲನ್ನೇ ತಪ್ಪು ಜಾಗದಲ್ಲಿ ನೆಟ್ಟಿರಬೇಕು ಅಂದುಕೊಂಡು ಮುಂದೆ ಹೋದೆ. ಅಲ್ಲೇ ತಿರುಗಿದ್ದರೆ ಬೆಳಕಿರುವಾಗಲೇ ಮನೆ ಸೇರುತ್ತಿದ್ದೆವು. ಆರು ಗಂಟೆಗೆ ನಾವು ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ, ನೀರು ಮುಗಿದಿತ್ತು. ಒಂಬತ್ತನೇ ಕಲ್ಲಿನ ಮೇಲೆ ಕೂತು ಅತ್ತಿಗೆ, "ಇನ್ನೆಷ್ಟು ದೂರ, ನಿಜ ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ವಾರ 400 ಮೀಟರ್ ಓಟದ ಟ್ರ್ಯಾಕ್‌ಗೆ ಹೋದೆ. ಅತಿ ಒಳಗಿನ ಲೇನಿನಲ್ಲಿ ಒಂದು ಸುತ್ತು, ಬೇಕಂತಲೇ ಹೆಜ್ಜೆ ಉದ್ದ ಮಾಡದೆ, ನನ್ನ ಎಂದಿನ ವೇಗದ ನಡಿಗೆಯಲ್ಲಿ. ಎರಡೂ ಕಾಲು ಸೇರಿಸಿ ಎಣಿಸಿದರೆ 625 ಹೆಜ್ಜೆ. 400 ಭಾಗಿಸು 625, ಹೆಜ್ಜೆಗೆ 64 ಸೆಂ.ಮೀ. ಹಾಗಾದರೆ ನಿಮಿಷಕ್ಕೆ 108 ಹೆಜ್ಜೆಯಲ್ಲಿ ನಾನು ಹೋಗೋದು 69 ಮೀಟರ್, ಗಂಟೆಗೆ 4.15 ಕಿ.ಮೀ. ನಾನು ಅಂದುಕೊಂಡಿದ್ದರಲ್ಲಿ ಸರಿಯಾಗಿ ಅರ್ಧ. ಲೆಕ್ಕ ಇಷ್ಟೇ:

```
km/h = ಹೆಜ್ಜೆ/ನಿಮಿಷ × ಒಂದು ಹೆಜ್ಜೆ (ಮೀಟರ್) × 0.06
108 × 0.64 × 0.06 = 4.15
```

ಎರಡು ಹೆಜ್ಜೆಯ ಅಳತೆಯನ್ನೇ ಇಟ್ಟುಕೊಂಡರೂ ತಪ್ಪಿಲ್ಲ. ಆದರೆ ಆಗ ಎಣಿಸೋದೂ ಒಂದೇ ಕಾಲನ್ನು. ನನ್ನ ಬಲಗಾಲು ನಿಮಿಷಕ್ಕೆ 54 ಸಲ ನೆಲ ಮುಟ್ಟುತ್ತದೆ, 54 ಗುಣಿಸು 1.28 ಅಂದರೂ ಅದೇ 69 ಮೀಟರ್. ಎರಡೂ ಕಾಲಿನ ಎಣಿಕೆಗೆ ಜೋಡಿ ಹೆಜ್ಜೆಯ ಅಳತೆ ಹಾಕಿದಾಗಲೇ ಲೆಕ್ಕ ಕೆಡೋದು. ನಿಮ್ಮ ಆ್ಯಪ್‌ನಲ್ಲಿ ಈಗ ಯಾವುದಿದೆ ಅಂತ ತಿಳಿಯಬೇಕಾ? ಒಂದು ಹೆಜ್ಜೆ ಸಾಮಾನ್ಯವಾಗಿ ನಮ್ಮ ಎತ್ತರದ ಹತ್ತರಲ್ಲಿ ನಾಲ್ಕು ಪಾಲಿನ ಆಸುಪಾಸು ಇರುತ್ತದೆ. ನನ್ನ ಎತ್ತರ 156 ಸೆಂ.ಮೀ. ಅಲ್ಲಿ 128 ಅಂತಿದ್ದರೆ ಅದು ಒಂದು ಹೆಜ್ಜೆ ಆಗಿರೋಕೆ ಸಾಧ್ಯವೇ ಇಲ್ಲ. ಅನುಮಾನ ಇದ್ದರೆ ಟ್ರ್ಯಾಕಿನಲ್ಲಿ ಒಂದು ಸುತ್ತು ಹಾಕಿ ಆ್ಯಪ್ ನೋಡಿ. 400 ಬದಲು 800 ತೋರಿಸಿದರೆ ಅಳತೆಯನ್ನು ಅರ್ಧ ಮಾಡಿ.

64 ಹಾಕಿದ ಮೇಲೆ 11,000 ಹೆಜ್ಜೆಗೆ 7 ಕಿ.ಮೀ. ಬಂತು. ಅದೂ ಜಾಸ್ತಿಯೇ. 64 ಸೆಂ.ಮೀ. ಅನ್ನೋದು ನನ್ನ ವೇಗದ ನಡಿಗೆಯ ಹೆಜ್ಜೆ. ಅದು ದಿನಕ್ಕೆ 40 ನಿಮಿಷ ಮಾತ್ರ, ಅಂದರೆ 4,320 ಹೆಜ್ಜೆ, 2.8 ಕಿ.ಮೀ. ಉಳಿದ 6,680 ಹೆಜ್ಜೆ ಅಡುಗೆಮನೆಯಿಂದ ಹೊರಗೆ, ಮೆಟ್ಟಿಲಿಂದ ಮೇಜಿಗೆ ಓಡಾಡುವಾಗಿನವು. ನಿಧಾನವಾದಾಗ ನಿಮಿಷಕ್ಕೆ ಬೀಳುವ ಹೆಜ್ಜೆಗಳಷ್ಟೇ ಅಲ್ಲ, ಹೆಜ್ಜೆಯ ಉದ್ದವೂ ಕಡಿಮೆಯಾಗುತ್ತದೆ. ಮನೆಯ ಉದ್ದಕ್ಕೂ ಮಾಮೂಲಿಯಾಗಿ ಓಡಾಡಿ ಅಳೆದರೆ ನನ್ನದು 48 ಸೆಂ.ಮೀ. ಬಂತು. ಅದರಂತೆ ಈ ಪಾಲು 3.2 ಕಿ.ಮೀ. ಒಟ್ಟು 6. ಎರಡು ತಿಂಗಳು ನಾನು 14 ಅಂತ ನಂಬಿದ್ದು ಈ ಆರನ್ನು. ಅದರಲ್ಲೂ ಒಂದೇ ಸಲಕ್ಕೆ ನಡೆದಿದ್ದು ಮೂರಕ್ಕಿಂತ ಕಡಿಮೆ. 12 ಕಿ.ಮೀ. ದಾರಿಗೆ ಕರೆದುಕೊಂಡು ಹೋಗೋ ಮುಂಚೆ ಈ ಕೊನೆಯ ಸಂಖ್ಯೆ ನನಗೆ ಗೊತ್ತಿರಬೇಕಿತ್ತು.

ಆಮೇಲೆ ಒಂದು ಬೆಳಗ್ಗೆ ಒಬ್ಬನೇ ಅದೇ ದಾರಿಗೆ ಹೋಗಿ, ಒಂದು ಕಲ್ಲಿಂದ ಇನ್ನೊಂದು ಕಲ್ಲಿನವರೆಗೆ ಅವತ್ತಿನ ನಿಧಾನದಲ್ಲೇ ನಡೆದು ಎಣಿಸಿದೆ. ಏರು, ಸಡಿಲ ಕಲ್ಲು, ಬೇರು ಎಲ್ಲ ಸೇರಿ 1,754 ಹೆಜ್ಜೆ. ಹೆಜ್ಜೆಗೆ 57 ಸೆಂ.ಮೀ., ನಿಮಿಷಕ್ಕೆ 105 ಹೆಜ್ಜೆ, ಗಂಟೆಗೆ 3.6 ಕಿ.ಮೀ. ಟ್ರ್ಯಾಕಿನ ವೇಗ ಇಲ್ಲಿಗೆ ಹೊಂದೋದಿಲ್ಲ. ಈ ಲೆಕ್ಕದಲ್ಲಿ 12 ಕಿ.ಮೀ.ಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಅವತ್ತು ಕೂತ ಹೊತ್ತನ್ನು ಬಿಟ್ಟರೆ ನಮಗೆ ಹಿಡಿದಿದ್ದೂ ಅಷ್ಟೇ. ಆ ಕಲ್ಲುಗಳನ್ನು ಸರಿಯಾದ ಜಾಗದಲ್ಲೇ ನೆಟ್ಟಿದ್ದರು.