ಮೆನು ಫೋಟೊಗೆ ಎರಡು ಬ್ರೀಫ್: ಮೂಡ್‌ಬೋರ್ಡೋ, ಶಾಟ್ ಲಿಸ್ಟೋ?

ಕಲಬುರಗಿಯ ಒಂದು ಕೆಫೆಗೆ ಮೆನು ಕಾರ್ಡ್ ವಿನ್ಯಾಸ ಮಾಡುವಾಗ, ಫೋಟೊ ತೆಗೆಯುವ ಫ್ರೀಲಾನ್ಸರ್ ಹುಡುಗನಿಗೆ ಬೇಕೆಂದೇ ಎರಡು ಬಗೆಯ ಬ್ರೀಫ್ ಕೊಟ್ಟು ನೋಡಿದೆ. ತಿನಿಸುಗಳು ಅವೇ. ಮೊದಲನೆಯದು ಮೂಡ್‌ಬೋರ್ಡ್: ಒಂದಷ್ಟು ಮಾದರಿ ಚಿತ್ರ, ಬಣ್ಣಗಳ ಪಟ್ಟಿ, 'ಬೆಚ್ಚಗೆ, ಮನೆಯ ಹಾಗೆ' ಅನ್ನೋ ಮಾತು. ಎರಡನೆಯದು ಬರೀ ಶಾಟ್ ಲಿಸ್ಟ್: ತಿನಿಸು, ಕ್ಯಾಮೆರಾ ಕೋನ, ಚಿತ್ರದ ಆಕಾರ, ಬೆಲೆ ಬರೆಯಲು ಬಿಡಬೇಕಾದ ಜಾಗ.

ಮೂಡ್‌ಬೋರ್ಡ್ ಹಿಡಿದು ತೆಗೆದ ಚಿತ್ರಗಳು ಬಿಡಿಬಿಡಿಯಾಗಿ ನೋಡಲು ಛಲೋ ಇದ್ದವು. ಪುಟಕ್ಕೆ ಜೋಡಿಸಲು ಕೂತಾಗ ತೊಡಕು ಕಂಡಿತು. ರೊಟ್ಟಿ ಊಟದ ತಟ್ಟೆ ಚೌಕಟ್ಟು ತುಂಬಿಕೊಂಡಿದ್ದರಿಂದ ಬೆಲೆಗೆ ಜಾಗವೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೆಳಕಿನದು. "ಬೆಚ್ಚಗ ಅಂದ್ರ ಹಳದಿ ಲೈಟ್ ಅಲ್ಲೇನ್ರಿ ಅಣ್ಣಾ?" ಎಂದು ಹುಡುಗ ಕಿಟಕಿಯನ್ನೂ ತೆರೆದಿಟ್ಟು ಮೇಲಿನ ಬಲ್ಬನ್ನೂ ಹಾಕಿದ್ದ. ರೊಟ್ಟಿಯ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ. ಎಡಿಟಿಂಗ್‌ನಲ್ಲಿ ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಬಿಳಿ ತಟ್ಟೆಯ ಎರಡು ಅಂಚುಗಳನ್ನು ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ.

ಶಾಟ್ ಲಿಸ್ಟ್‌ನ ಚಿತ್ರಗಳು ಪುಟದಲ್ಲಿ ತಕ್ಕಹಾಗೆ ಕೂತವು. ಆದರೆ ಬೆಳಕು ಕ್ಯಾಮೆರಾದ ಕಡೆಯಿಂದಲೇ ನೇರ ಬಿದ್ದು ರೊಟ್ಟಿಯ ಸುಟ್ಟ ಚುಕ್ಕೆ, ಉಬ್ಬು ಎಲ್ಲ ಮಾಯ. ಶೇಂಗಾ ಚಟ್ನಿ ಬರೀ ಕಂದು ಮಚ್ಚೆ. ಪಟ್ಟಿಯಲ್ಲಿ ಬೆಳಕಿನ ಕಾಲಮ್ಮೇ ಇರಲಿಲ್ಲ, ಅವನಾದರೂ ಏನು ಮಾಡಿಯಾನು?

ನನ್ನ ಓಟು ಶಾಟ್ ಲಿಸ್ಟ್‌ಗೇ. ಆದರೆ ಮೂಡನ್ನು ಬೆಳಕಿನ ಭಾಷೆಯಲ್ಲಿ ಬರೆದು ಅದರೊಳಗೆ ಸೇರಿಸಬೇಕು: 'ಬಲ್ಬ್ ಆರಿಸಿ. ಕಿಟಕಿ ತಟ್ಟೆಯ ಎಡ ಹಿಂಬದಿಗಿರಲಿ, ಅದಕ್ಕೆ ತೆಳು ಬಿಳಿ ಬಟ್ಟೆ ಕಟ್ಟಿ. ಬಲಕ್ಕೆ ಬಿಳಿ ಥರ್ಮಾಕೋಲ್ ಹಿಡಿಯಿರಿ.' ಬಟ್ಟೆಯಿಲ್ಲದಿದ್ದರೆ ನಮ್ಮ ಕಡೆಯ ಬಿಸಿಲಿಗೆ ನೆರಳು ಕರ್ರಗೆ ಬೀಳುತ್ತದೆ.

ಬಣ್ಣದ ವಿಷಯವೂ ಹಾಗೇ. #6E7276 ಅನ್ನೋ ಕೋಡ್ ಪುಟದ ಹಿನ್ನೆಲೆಗೆ ನನಗೆ ಬೇಕು. ಅವನಿಗೆ ಬೇಕಾದ್ದು ವಸ್ತು. 'ಕೆಳಗೆ ಶಹಾಬಾದ್ ಕಲ್ಲಿನ ಬೂದು ಹಾಸು, ಬಿಳಿ ಪಿಂಗಾಣಿ ತಟ್ಟೆ, ಹಸಿಮೆಣಸಿನಕಾಯಿ ಬಿಟ್ಟು ಬೇರೆ ಹಸಿರು ಬೇಡ' ಎಂದರೆ ಮುಗಿಯಿತು. ಮಾಲೀಕರಿಗೆ ಬಿದ್ರಿ ತಟ್ಟೆಯ ಆಸೆ. ಕರಿ ಮೈ ಮೇಲಿನ ಬೆಳ್ಳಿ ಕುಸುರಿ ತಿನಿಸಿಗಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ಮುಖಪುಟಕ್ಕೆ ಮಾತ್ರ ಒಪ್ಪಿದೆ.

ಇನ್ನು ಪಟ್ಟಿಯ ಅನುಕ್ರಮ. ಮೆನುವಿನ ಸಾಲಿನಂತೆ ಬರೆದರೆ ಟ್ರೈಪಾಡ್ ಏರಿಸಿ ಇಳಿಸುವುದರಲ್ಲೇ ಹೊತ್ತು ಹೋಗುತ್ತದೆ. ರೊಟ್ಟಿ ಊಟ, ಸುಸಲಾದಂಥ ಚಪ್ಪಟೆ ತಿನಿಸುಗಳನ್ನು ನೇರ ಮೇಲಿನಿಂದ ಒಟ್ಟಿಗೆ ಮುಗಿಸಬೇಕು. ಆಮೇಲೆ 45 ಡಿಗ್ರಿಯಲ್ಲಿ ಬಜ್ಜಿ. ಕೊನೆಗೆ ಗ್ಲಾಸಿನ ಮಟ್ಟಕ್ಕೆ ಇಳಿದು ಪಾನೀಯ. ಕಾಫಿಯ ಸಾಲಿನಲ್ಲಿ ಹೀಗೆ ಬರೆದಿರುತ್ತೇನೆ: 'ಖಾಲಿ ಲೋಟ ಇಟ್ಟು ಫೋಕಸ್, ಬೆಳಕು ಹೊಂದಿಸಿಕೊಳ್ಳಿ. ಆಮೇಲೆ ಕಾಫಿ ಕೇಳಿ. ನೊರೆ ಇಳಿದರೆ ಕಲಕಬೇಡಿ, ಹೊಸ ಲೋಟ ತರಿಸಿ.'

ಇದನ್ನೆಲ್ಲ ಬರೆಯಲು ಹೊತ್ತು ಹಿಡಿಯುತ್ತದೆ. ಇನ್‌ಸ್ಟಾಗ್ರಾಮ್‌ಗೆ ನಾಲ್ಕು ಚಿತ್ರ ಸಾಕೆಂದರೆ ಮೂಡ್‌ಬೋರ್ಡ್ ಕಳಿಸಿಬಿಡಿ.