ಕಡ್ಡಿ ಕಟ್ಟೋ, ಮಣಿಸರವೋ: ಮೂರನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಈ ವರ್ಷ ವ್ಯವಕಲನವನ್ನು ಮೊದಲು ಕೈಯಿಂದ ಮಾಡಿಸಿ, ಬಳಿಕ ಚಿತ್ರದಲ್ಲಿ, ಕೊನೆಗೆ ಅಂಕಿಗಳಲ್ಲಿ ಬರೆಸುತ್ತೇವೆ. ಮನೆಯಲ್ಲಿ ಕಡ್ಡಿ ಕಟ್ಟು ಇಡಬೇಕೋ, ನೂರು ಮಣಿಯ ಸರ ಇಡಬೇಕೋ ಎಂದು ಹಲವರು ಕೇಳಿದ್ದೀರಿ.

52ರಲ್ಲಿ 27 ಕಳೆಯಲು ಹೇಳಿದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗದೆಂದು 7ರಲ್ಲೇ 2 ಕಳೆದಿರುತ್ತಾರೆ. ಅಂಥವರಿಗೆ ಕಡ್ಡಿಯೇ ಸರಿ. ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು ಒಂದು ಕಟ್ಟನ್ನು ಬಿಚ್ಚಿದರೆ ಬಿಡಿ ಕಡ್ಡಿ 12 ಆಗುತ್ತವೆ. ಅದರಲ್ಲಿ 7 ತೆಗೆದು, ಎರಡು ಕಟ್ಟು ಎತ್ತಿಟ್ಟರೆ 25 ಉಳಿಯುತ್ತದೆ, ದಶಕ ಪಡೆಯುವುದೆಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ.

ಹತ್ತು ಮಣಿಗೊಮ್ಮೆ ಬಣ್ಣ ಬದಲಾಗುವ ಸರದಲ್ಲಿ ಬಿಚ್ಚುವುದೇನೂ ಇಲ್ಲ. 27ರಿಂದ 30ಕ್ಕೆ 3, ಅಲ್ಲಿಂದ 50ಕ್ಕೆ 20, ಮತ್ತೆ 2 ಎಂದು ಮುಂದೆ ಸಾಗಿ, ಇವನ್ನು ಕೂಡಿ 25 ಎನ್ನಬೇಕು. ಉತ್ತರ ಸರಿಯಿದ್ದರೂ ಇನ್ನೂ ಬೆರಳೆಣಿಸುವ ಮಗುವಿಗೆ ಇದು ಬಾಯಿಲೆಕ್ಕದ ದಾರಿ.

ಖರ್ಚಿನಲ್ಲಿ ಕಡ್ಡಿಯೇ ಅಗ್ಗ. ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡ್ ಸಾಕು. (ದಾವಣಗೆರೆಯಲ್ಲಿ ಮೆಕ್ಕೆಜೋಳದ ಕಾಳಿಗೆ ಬರವಿಲ್ಲ, ಆದರೆ ಕಾಳನ್ನು ಕಟ್ಟಲಾಗದು.) ಬ್ಯಾಂಡ್ ಹರಿದು ಕಟ್ಟಿನಲ್ಲಿ ಒಂಬತ್ತೇ ಉಳಿದರೆ ಉತ್ತರ ತಪ್ಪುವುದರಿಂದ ವಾರಕ್ಕೊಮ್ಮೆ ಮಗುವಿನಿಂದಲೇ ಎಣಿಕೆ ಮಾಡಿಸಿರಿ. ಮಣಿ ಪೋಣಿಸಲು ಒಂದು ಸಂಜೆ ಬೇಕು, ಆಮೇಲೆ ಎಣಿಕೆಯ ಚಿಂತೆಯಿಲ್ಲ.

ಮಗು ಕಡ್ಡಿ ಮುಟ್ಟದೆ ಚಿತ್ರ ಬರೆದೇ ಲೆಕ್ಕ ಬಿಡಿಸತೊಡಗಿದ ದಿನ ಕಟ್ಟುಗಳನ್ನು ಎತ್ತಿಡಿ.

ಇತಿ,
ಗಣಿತ ಶಿಕ್ಷಕಿ